ಆಂದ್ರೆಯ ಗಂಡೋ ಹೆಣ್ಣೋ? ಒಂದು ಬಯೋ ಇಟಾಲಿಯನ್‌ಗೆ ಹೋದ ಬಗೆ

ಒಂದು ಸಮ್ಮೇಳನದ ಸ್ಪೀಕರ್ ಬಯೋ ಇಂಗ್ಲಿಷಿನಿಂದ ಇಟಾಲಿಯನ್‌ಗೆ ಅನುವಾದಿಸಲು ಬಂತು. ಐದಾರು ಸಾಲು, ಅಷ್ಟೇ. ಅಸೋಸಿಯೇಟ್ ಪ್ರೊಫೆಸರ್, ಒಂದು ಸಂಶೋಧನಾ ಕೇಂದ್ರದ ನಿರ್ದೇಶಕ ಹುದ್ದೆ, ಪಿಎಚ್‌.ಡಿ., ಎರಡು ಪುಸ್ತಕ. ಮೊದಲ ಹೆಸರು ಆಂದ್ರೆಯ. ಇಡೀ ಬಯೋದಲ್ಲಿ 'ಹೀ', 'ಶೀ' ಎರಡೂ ಇಲ್ಲ.

ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ. ಇಟಾಲಿಯನ್‌ನಲ್ಲಿ ಮೊದಲ ನಾಮಪದಕ್ಕೇ ತಡೆ. ಗಂಡಾದರೆ ಪ್ರೊಫೆಸ್ಸೋರೆ, ಹೆಣ್ಣಾದರೆ ಪ್ರೊಫೆಸ್ಸೊರೆಸ್ಸ, ಯಾವುದು ಹಾಕಲಿ? ಹೆಸರಿನಿಂದ ಊಹಿಸೋಣ ಅಂದರೆ, ಇಟಲಿಯಲ್ಲಿ ಆಂದ್ರೆಯ ಅಂದರೆ ಸಾಮಾನ್ಯವಾಗಿ ಗಂಡಸು. ಇಂಗ್ಲಿಷ್ ನಾಡುಗಳಲ್ಲಿ ಹೆಚ್ಚಾಗಿ ಹೆಂಗಸು. ಆಯೋಜಕರಿಗೆ ಬರೆದು ಕೇಳಿದೆ.

ಉತ್ತರ ಬರುವವರೆಗೆ ಸುಮ್ನೆ ಕೂರುವುದು ಬೇಡ ಅಂತ ಲಿಂಗವೇ ಕಾಣದ ಒಂದು ಕರಡು ಮಾಡಿದೆ. ನಮ್ಮಲ್ಲಿ ಕಲಿಸುತ್ತಾಳೆ, ಕಲಿಸುತ್ತಾನೆ ಅಂತ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ, 'ಕಲಿಸುತ್ತಾರೆ' ಅಂತ ಮರ್ಯಾದೆ ಕೊಟ್ಟು ತಪ್ಪಿಸಿಕೊಳ್ಳುತ್ತೇವೆ. ಇಟಾಲಿಯನ್‌ನಲ್ಲಿ ಉಲ್ಟಾ. ಅಲ್ಲಿ ಹುದ್ದೆಯ ಹೆಸರು ಲಿಂಗ ಹೇಳುತ್ತದೆ, ವರ್ತಮಾನದ ಕ್ರಿಯಾಪದ ಹೇಳುವುದಿಲ್ಲ. ಹಾಗಾಗಿ ಹುದ್ದೆಗಳನ್ನೆಲ್ಲ ಕ್ರಿಯೆ ಮಾಡಿದೆ: ವಿಶ್ವವಿದ್ಯಾಲಯದಲ್ಲಿ 'ಇನ್ಸೇನ್ಯ' (ಕಲಿಸುವುದು), ಕೇಂದ್ರವನ್ನು 'ದಿರೀಜೆ' (ನಡೆಸುವುದು). ಭೂತಕಾಲದಲ್ಲಿ ಮಾತ್ರ ಎಚ್ಚರ ಬೇಕು. ಇಂಗ್ಲಿಷಿನ 'ಹ್ಯಾವ್'ನಂಥ 'ಆವೇರೆ' ಸಹಾಯಕ ಕ್ರಿಯಾಪದವಾದರೆ ಕರ್ತೃವಿನ ಲಿಂಗ ಕಾಣುವುದಿಲ್ಲ: 'ಆ ಸ್ಕ್ರಿತ್ತೊ', ಬರೆದದ್ದು ಯಾರೇ ಆಗಲಿ. 'ಬೀ'ಯಂಥ 'ಎಸ್ಸೆರೆ' ಬಂದರೆ ಗಂಡಿಗೆ 'ಎ ಸ್ತಾತೊ', ಹೆಣ್ಣಿಗೆ 'ಎ ಸ್ತಾತ' ಅಂತ ಬಯಲಾಗುತ್ತದೆ.

ಹೆಸರಿನ ಮುಂದಿದ್ದ 'ಡಾ.' ತೆಗೆದುಬಿಟ್ಟೆ. ಇಟಲಿಯಲ್ಲಿ ಪದವಿ ಮುಗಿಸಿದವರೆಲ್ಲ ದೊತ್ತೋರೆ, ದೊತ್ತೊರೆಸ್ಸ. ಪಿಎಚ್‌.ಡಿ. ಮಾಡಿದ್ದು ಅದರಿಂದ ಗೊತ್ತೇ ಆಗುವುದಿಲ್ಲ. ಬದಲಿಗೆ ಒಳಗೆ 'ದೊತ್ತೊರಾತೊ ದಿ ರಿಚೆರ್ಕ' ಪಡೆದಿದ್ದಾರೆ ಅಂತ ಬಿಡಿಸಿ ಬರೆದೆ.

ಉತ್ತರ ಬಂತು, ಹೆಂಗಸು. ಆದರೂ ನಿರ್ದೇಶಕಿ ಅನ್ನುವ 'ದಿರೆತ್ತ್ರೀಚೆ'ಯನ್ನು ನೇರವಾಗಿ ಹಾಕಲಿಲ್ಲ. ಇಟಲಿಯ ಸ್ತ್ರೀವಾದಿ ಲೇಖಕಿ ಆಲ್ಮಾ ಸಬಾತೀನಿ 1987ರಲ್ಲೇ ಹುದ್ದೆಗಳಿಗೆ ಸ್ತ್ರೀರೂಪ ಬಳಸಿ ಅಂತ ಶಿಫಾರಸು ಮಾಡಿದ್ದರು. ಆದರೆ 2021ರ ಸಾನ್ರೆಮೊ ಗೀತೋತ್ಸವದ ವೇದಿಕೆಯಲ್ಲಿ ವಾದ್ಯವೃಂದ ನಿರ್ದೇಶಕಿ ಬೆಯಾತ್ರಿಚೆ ವೆನೆಟ್ಸಿ ತನ್ನನ್ನು ಪುಲ್ಲಿಂಗದ 'ದಿರೆತ್ತೋರೆ' ಅಂತಲೇ ಕರೆಯಿರಿ ಅಂದರು. ಇದು ಅವರವರ ಇಷ್ಟ, ಅನುವಾದಕರು ತೀರ್ಮಾನಿಸುವ ವಿಷಯ ಅಲ್ಲ ಅಲ್ವಾ? ಎರಡು ರೂಪಗಳನ್ನೂ ಬರೆದು, ಯಾವುದು ಬೇಕು ಅಂತ ಆಂದ್ರೆಯ ಅವರನ್ನೇ ಕೇಳಿಸಿದೆ. ದಿರೆತ್ತ್ರೀಚೆ ಅಂದರು. ಪ್ರೊಫೆಸ್ಸೊರೆಸ್ಸ ಕೂಡ ಸೇರಿತು.

ಇನ್ನು ಉಳಿದದ್ದು ಉದ್ದ. ಇಂಗ್ಲಿಷಿಗಿಂತ ಇಟಾಲಿಯನ್ ಸಾಮಾನ್ಯವಾಗಿ ಜಾಸ್ತಿ ಜಾಗ ತಿನ್ನುತ್ತದೆ, ಕಾರ್ಯಕ್ರಮದ ಪುಸ್ತಿಕೆಯಲ್ಲಿ ಜಾಗ ಅಷ್ಟೇ. ಪ್ರತಿ ವಾಕ್ಯದಲ್ಲೂ ಬರುತ್ತಿದ್ದ ಅಡ್ಡಹೆಸರನ್ನು ಮೊದಲ ಸಾಲಿನಲ್ಲಿ ಮಾತ್ರ ಉಳಿಸಿದೆ. ಇಟಾಲಿಯನ್‌ನಲ್ಲಿ ಕರ್ತೃ ಇಲ್ಲದೆಯೂ ವಾಕ್ಯ ನಿಲ್ಲುತ್ತದೆ. ಪುಸ್ತಕಗಳು ಇಟಾಲಿಯನ್‌ನಲ್ಲಿ ಬಂದಿರಲಿಲ್ಲ, ಹಾಗಾಗಿ ಅವುಗಳ ಹೆಸರು ಇಂಗ್ಲಿಷಿನಲ್ಲೇ ಉಳಿಯಿತು. ಅಷ್ಟಕ್ಕೆ ಪುಸ್ತಿಕೆಯ ಚೌಕದಲ್ಲಿ ಹಿಡಿಸಿತು.