ತಿರುಮಲೆಯಲ್ಲಿ ರೂಮು ಕಾಯ್ದಿರಿಸುವಾಗ ನಕಲಿ ಜಾಲತಾಣ ಪತ್ತೆ ಹಚ್ಚುವುದು ಹೇಗೆ?

ತಿರುಮಲೆಗೆ ಹೊರಟವರಿಗೆ ದರ್ಶನದ ಟಿಕೆಟ್‌ನಷ್ಟೇ ದೊಡ್ಡ ಚಿಂತೆ ಬೆಟ್ಟದ ಮೇಲಿನ ರೂಮು. ವಯಸ್ಸಾದ ತಂದೆ ತಾಯಿ, ಮುಡಿ ಕೊಡಬೇಕಾದ ಮಗು ಜೊತೆಗಿದ್ದರಂತೂ ರೂಮು ಸಿಗದೆ ಹೊರಡುವ ಧೈರ್ಯವೇ ಬರುವುದಿಲ್ಲ. ವಂಚಕರು ಕಾದು ಕುಳಿತಿರುವುದು ಈ ಆತಂಕಕ್ಕಾಗಿಯೇ. 2023ರ ಏಪ್ರಿಲ್‌ನಲ್ಲಿ ತಿರುಮಲ ತಿರುಪತಿ ದೇವಸ್ಥಾನಂ (ಟಿಟಿಡಿ) ಒಂದು ನಕಲಿ ಜಾಲತಾಣದ ವಿರುದ್ಧ ಪೊಲೀಸರಿಗೆ ದೂರು ಕೊಟ್ಟಿತು. ಅಲ್ಲಿಗೆ ಟಿಟಿಡಿ ಹೆಸರಿನಲ್ಲಿ ಪತ್ತೆಯಾದ ನಕಲಿ ತಾಣಗಳ ಸಂಖ್ಯೆ 41ಕ್ಕೆ ಮುಟ್ಟಿತ್ತು.

ಆಗಿನ ಅಧಿಕೃತ ವಿಳಾಸ ಮತ್ತು ಆ ನಕಲಿ ವಿಳಾಸವನ್ನು ಒಂದರ ಕೆಳಗೊಂದು ಇಟ್ಟು ನೋಡಿ.

```
tirupatibalaji.ap.gov.in
tirupatibalaji-ap-gov.org
```

ಚುಕ್ಕೆ ಇದ್ದಲ್ಲಿ ಅಡ್ಡಗೆರೆ ಬಂದಿದೆ, ಕೊನೆಯ in ಹೋಗಿ org ಆಗಿದೆ. ಮೊಬೈಲ್‌ನ ಸಣ್ಣ ಪರದೆಯಲ್ಲಿ, ಅವಸರದಲ್ಲಿ ನೋಡುವವರ ಕಣ್ಣಿಗೆ ಎರಡೂ ಒಂದೇ. ಆದರೆ ಮುಂದಿನ ಚುಕ್ಕೆಯೂ ಸೇರಿ .gov.in ಎಂದು ಮುಗಿಯುವ ವಿಳಾಸ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುತ್ತದೆ. org, com, ಬರೀ in ಇವನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ಆದ್ದರಿಂದ ವಿಳಾಸವನ್ನು ಎಡದಿಂದಲ್ಲ, ಬಲದಿಂದ ಓದಬೇಕು. https:// ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅದರ ಎಡಕ್ಕೆ ಅಂಟಿಕೊಂಡಿರುವುದು ಏನೆಂದು ನೋಡಿ. ಟಿಟಿಡಿಯ ಈಗಿನ ವಿಳಾಸ ttdevasthanams.ap.gov.in. ಇದೇ ಅಕ್ಷರಗಳನ್ನು ಮುಂದಿಟ್ಟುಕೊಂಡು ttdevasthanams.ap.gov.in.example.com ಎಂದೂ ಬರೆಯಬಹುದು. ಅದರ ಒಡೆತನ ಕೊನೆಯಲ್ಲಿರುವ example.com ತೆಗೆದುಕೊಂಡವರದೇ ಹೊರತು ದೇವಸ್ಥಾನದ್ದಲ್ಲ. ವಿಳಾಸದ ಪಕ್ಕದ ಬೀಗದ ಗುರುತನ್ನು ಕಂಡು ಸಮಾಧಾನಪಟ್ಟುಕೊಳ್ಳಬೇಡಿ. ನೀವು ಕಳುಹಿಸುವ ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಅರ್ಥ. ಆ ಮಾಹಿತಿ ಯಾರ ಕೈ ಸೇರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಒಂದು ಉದಾಹರಣೆ. ಹಾಸನದ ಕುಟುಂಬವೊಂದು ಬರುವ ಶನಿವಾರಕ್ಕೆ ತಿರುಮಲೆಯಲ್ಲಿ ರೂಮು ಹುಡುಕುತ್ತಿದೆ ಎಂದುಕೊಳ್ಳಿ. ಗೂಗಲ್‌ನಲ್ಲಿ ‘ತಿರುಮಲ ರೂಮ್ ಬುಕಿಂಗ್’ ಎಂದು ಹಾಕಿದಾಗ ಎಲ್ಲಕ್ಕಿಂತ ಮೇಲೆ ಬಂದ ತಾಣವನ್ನು ಒತ್ತುತ್ತಾರೆ. ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಪುಟದ ತುಂಬ ಗೋಪುರದ ಚಿತ್ರ, ಕೆಳಗೊಂದು ವಾಟ್ಸ್‌ಆ್ಯಪ್ ನಂಬರು. ಸಂದೇಶ ಕಳುಹಿಸಿದ ತಕ್ಷಣ ‘ಮ್ಯಾನೇಜರ್’ ಉತ್ತರಿಸುತ್ತಾನೆ. ಶನಿವಾರಕ್ಕೆ ಎ.ಸಿ. ರೂಮು ಇದೆ, ಎರಡು ದಿನಕ್ಕೆ 3,600 ರೂಪಾಯಿ, ಪೂರ್ತಿ ಮುಂಗಡ ಕೊಟ್ಟರೆ ಮಾತ್ರ ಹಿಡಿದಿಡುತ್ತೇನೆ ಎಂದು ಹೇಳಿ ಕ್ಯೂಆರ್ ಕೋಡ್ ಕಳುಹಿಸುತ್ತಾನೆ.

ಇಲ್ಲಿ ವಿಳಾಸ ನೋಡುವುದಕ್ಕೂ ಮೊದಲೇ ಅನುಮಾನ ಬರಬೇಕು. ಟಿಟಿಡಿ ಸಾಮಾನ್ಯವಾಗಿ ಮೂರು ತಿಂಗಳು ಮುಂದಿನ ರೂಮುಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ಆನ್‌ಲೈನ್‌ನಲ್ಲಿ ಬಿಡುತ್ತದೆ, ಅವು ಬೇಗ ಖಾಲಿಯಾಗುತ್ತವೆ. ಕಾಯ್ದಿರಿಸುವವರು ಮೊಬೈಲ್ ನಂಬರು, ಒಟಿಪಿ ಹಾಕಿ ಒಳಹೋಗಿ ಯಾತ್ರಿಕರ ಗುರುತಿನ ವಿವರ ತುಂಬಬೇಕು. ಬರುವ ಶನಿವಾರಕ್ಕೆ, ಅದೂ ವಾಟ್ಸ್‌ಆ್ಯಪ್ ಮಾತುಕತೆಯಲ್ಲೇ ಟಿಟಿಡಿ ರೂಮು ಕೊಡುತ್ತೇನೆ ಎನ್ನುವವನ ಮಾತು ಈ ಕ್ರಮಕ್ಕೆ ಎಲ್ಲೂ ಹೊಂದುವುದಿಲ್ಲ. ಕ್ಷೇತ್ರದ ಕ್ರಮ ಗೊತ್ತಿದ್ದವರನ್ನು ಏಮಾರಿಸುವುದು ಕಷ್ಟ. ಆದ್ದರಿಂದ ಯಾವ ಕ್ಷೇತ್ರಕ್ಕೇ ಹೋಗಲಿ, ಅಲ್ಲಿ ರೂಮು ಹೇಗೆ ಕೊಡುತ್ತಾರೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ರೂಮು ಹುಡುಕಿ. ಹಾಸನದ ಕುಟುಂಬಕ್ಕೆ ಉಳಿದಿರುವ ನಿಜವಾದ ದಾರಿಗಳು ಇವು: ಬೆಟ್ಟ ಹತ್ತಿದ ಮೇಲೆ ಕೇಂದ್ರ ಸ್ವಾಗತ ಕಚೇರಿಯಲ್ಲಿ, ಅಂದರೆ ಎಲ್ಲರೂ ಸಿಆರ್‌ಒ ಎನ್ನುವಲ್ಲಿ, ಹೆಸರು ಬರೆಸಿ ಕಾಯುವುದು, ಇಲ್ಲವೇ ಕೆಳಗೆ ತಿರುಪತಿಯಲ್ಲಿ ಟಿಟಿಡಿಯದೇ ಆದ ಶ್ರೀನಿವಾಸಂ, ವಿಷ್ಣು ನಿವಾಸಂ ವಸತಿಗೃಹಗಳಲ್ಲಿ ವಿಚಾರಿಸುವುದು. ಟಿಟಿಡಿಯ ಸಹಾಯವಾಣಿ 155257.

ಎಲ್ಲ ಕ್ಷೇತ್ರಗಳ ತಾಣವೂ gov.in ಎಂದು ಮುಗಿಯುವುದಿಲ್ಲ, ಇದೇ ತೊಡಕು. ಸೋಮನಾಥ ಟ್ರಸ್ಟ್‌ನ ಅಧಿಕೃತ ತಾಣ somnath.org. ಅದು ಸಾಚಾ ಎಂದು ವಿಳಾಸ ನೋಡಿದ ಮಾತ್ರಕ್ಕೆ ತಿಳಿಯದು. ಅಂಥಲ್ಲಿ ತಾಣದಲ್ಲಿರುವ ನಂಬರಿಗೇ ಕರೆ ಮಾಡಿ ವಿಚಾರಿಸಿದರೆ ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ. ಗೂಗಲ್ ನಕ್ಷೆಯಲ್ಲಿ ಕಾಣುವ ನಂಬರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಅದನ್ನು ಬದಲಿಸುವಂತೆ ಹೊರಗಿನವರೂ ಸೂಚಿಸಬಹುದು. ಹಿಂದೆ ಹೋಗಿದ್ದಾಗ ಕೊಟ್ಟ ಸೇವಾ ರಸೀದಿಯ ಮೇಲೆ ಅಚ್ಚಾಗಿರುವ ಸ್ಥಿರ ದೂರವಾಣಿಗೆ ಕರೆ ಮಾಡಿ. ಸ್ಥಿರ ದೂರವಾಣಿಯ ಮೊದಲ ಅಂಕಿಗಳು ಊರನ್ನು ಹೇಳುತ್ತವೆ: ಕೊಲ್ಲೂರಿಗೆ 08254, ಧರ್ಮಸ್ಥಳಕ್ಕೆ 08256, ಕುಕ್ಕೆಗೆ 08257. ರಸೀದಿ ಇಲ್ಲದಿದ್ದರೆ ಆಯಾ ಜಿಲ್ಲಾಡಳಿತದ ಸರ್ಕಾರಿ ತಾಣದಲ್ಲಿ ದೇವಸ್ಥಾನದ ಪುಟ ಹುಡುಕಿ. ಕರೆ ಮಾಡಿದಾಗ ‘ರೂಮು ಇದೆಯೇ’ ಎಂದಷ್ಟೇ ಕೇಳಬೇಡಿ. ‘ಆನ್‌ಲೈನ್‌ನಲ್ಲಿ ಕಾಯ್ದಿರಿಸುವ ವ್ಯವಸ್ಥೆ ಇದೆಯೇ, ಇದ್ದರೆ ಯಾವ ತಾಣ, ಹಣ ಯಾವ ಹೆಸರಿನ ಖಾತೆಗೆ ಹೋಗುತ್ತದೆ’ ಎಂದು ಕೇಳಿ ಬರೆದುಕೊಳ್ಳಿ.

ಖಾತೆಯ ಹೆಸರೇ ಕೊನೆಯ ಪರೀಕ್ಷೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮುಂಚೆ, ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಅಲ್ಲಿ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂಬ ನಿಯಮ 2025ರಲ್ಲಿ ಬಂದಿದೆ. ಹಾಸನದವರ ಮೊಬೈಲ್‌ನಲ್ಲಿ ದೇವಸ್ಥಾನದ ಬದಲು ಯಾವುದೋ ವ್ಯಕ್ತಿಯ ಹೆಸರು ಬಂದರೆ ವ್ಯವಹಾರ ಅಲ್ಲಿಗೇ ನಿಲ್ಲಬೇಕು. ‘ಅದು ನಮ್ಮ ಅಕೌಂಟೆಂಟ್ ಹೆಸರು ಸಾರ್’ ಎಂಬ ವಿವರಣೆಗೆ ಕಿವಿಗೊಡಬೇಡಿ. ಹಾಗೆಂದು ಟ್ರಸ್ಟ್‌ನ ಹೆಸರು ಕಂಡೊಡನೆ ಎಲ್ಲವೂ ಸರಿಯಾಯಿತೆಂದೂ ಅಲ್ಲ, ದೇವರ ಹೆಸರಿನಲ್ಲಿ ಖಾತೆ ತೆರೆಯಿಸುವವರೂ ಇದ್ದಾರೆ. ಕಚೇರಿಯವರು ಫೋನಿನಲ್ಲಿ ಹೇಳಿದ ಹೆಸರಿಗೆ ಅದು ತಾಳೆಯಾಗಬೇಕು.

ಕಾಣಿಕೆಗೂ ಇದೇ ಮಾತು. ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಕೆಲವು ಅರ್ಚಕರೇ ನಕಲಿ ಜಾಲತಾಣ ತೆರೆದು ಭಕ್ತರಿಂದ ಹಣ ಪಡೆದರೆಂಬ ಆರೋಪ 2022ರಲ್ಲಿ ಕೇಳಿಬಂತು. ಅರ್ಚಕರು ಪರಿಚಿತರು ಎಂಬ ಕಾರಣಕ್ಕೆ ಅವರು ಕೊಟ್ಟ ನಂಬರಿಗೆ ಹಾಕಿದ ಹಣ ದೇವಸ್ಥಾನದ ಲೆಕ್ಕಕ್ಕೆ ಬರುತ್ತದೆಂಬ ಖಾತ್ರಿ ಇಲ್ಲ. ದೇವಸ್ಥಾನದ ಖಾತೆಗೆ ಹಾಕಿ, ಕ್ರಮಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ.

ಹಣ ಹೋಗಿಯೇಬಿಟ್ಟಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, ಆಮೇಲೆ cybercrime.gov.in ತಾಣದಲ್ಲಿ ದೂರು ದಾಖಲಿಸಿ. ವಂಚಕ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ಬ್ಯಾಂಕ್ ತಡೆಹಿಡಿಯಬೇಕಾದ್ದರಿಂದ ಮರುದಿನದವರೆಗೆ ಕಾಯಬೇಡಿ. ಯುಪಿಐ ಪಾವತಿಯ 12 ಅಂಕಿಗಳ ವ್ಯವಹಾರ ಸಂಖ್ಯೆ, ನಕಲಿ ತಾಣದ ಪೂರ್ತಿ ವಿಳಾಸ, ವಾಟ್ಸ್‌ಆ್ಯಪ್ ಮಾತುಕತೆಯ ಚಿತ್ರಗಳು ಕೈಯಲ್ಲಿರಲಿ. ಸಿಟ್ಟಿನಲ್ಲಿ ಆ ಸಂದೇಶಗಳನ್ನು ಅಳಿಸಬೇಡಿ. ಈ ನಡುವೆ ಅದೇ ‘ಮ್ಯಾನೇಜರ್’ ಮತ್ತೆ ಕರೆ ಮಾಡಿ, ಮೊತ್ತ ರಸೀದಿಗೆ ಹೊಂದಲಿಲ್ಲ, ಇನ್ನೊಮ್ಮೆ ಅಷ್ಟೇ ಹಣ ಹಾಕಿದರೆ ಎರಡನ್ನೂ ಹಿಂದಿರುಗಿಸುತ್ತೇನೆ ಎನ್ನಬಹುದು. ಹಲವರು ಇನ್ನಷ್ಟು ಹಣ ಕಳೆದುಕೊಳ್ಳುವುದು ಈ ಎರಡನೇ ಕರೆಯಲ್ಲೇ.