ಕಾರಿನಲ್ಲಿ ಕೂತು ಒಡೆಯಲು ಐದು ಒಗಟು

ಪುಣೆಯಿಂದ ಬೆಳಗಾವಿ ಕಡೆ ಹೊರಟರೆ, ಕರಾಡ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ "ಇನ್ನೂ ಎಷ್ಟು ದೂರ ಅಜ್ಜಿ?" ಶುರುವಾಗುತ್ತದೆ. ಒಗಟನ್ನು ಅದಕ್ಕೂ ಮೊದಲೇ, ಮಕ್ಕಳ ಹೊಟ್ಟೆ ತುಂಬಿರುವಾಗಲೇ ತೆಗೆಯಿರಿ. ಘಾಟಿನಲ್ಲಿ ಮಾತ್ರ ಬೇಡ. ಗಾಡಿ ಓಡಿಸುವವರೂ ಉತ್ತರ ಹುಡುಕುತ್ತಾ ಕೂತುಬಿಡುತ್ತಾರೆ!

ಮೊದಲು ಕಣ್ಣಿಗೆ ಕಟ್ಟುವಂಥ ಸಣ್ಣದು ಹೇಳಿ: "ಹಗ್ಗ ಹಾಸಿದೆ, ಕೋಣ ಮಲಗಿದೆ." ಆಮೇಲೆ "ಚೋಟುದ್ದ ಹುಡುಗಿಗೆ ಮಾರುದ್ದ ಜಡೆ." ಇವೆರಡರಲ್ಲಿ ಮಕ್ಕಳಿಗೆ ಲಯ ಸಿಗುತ್ತದೆ. ಮೂರನೆಯದಕ್ಕೆ ಸ್ವಲ್ಪ ನಿಧಾನ ಮಾಡಿ:

"ಅಂಕ ಡೊಂಕಿನ ಬಾವಿ, ಶಂಕ ಚಕ್ರದ ಬಾವಿ, ಇಣುಕಿ ನೋಡಿದರೆ ತೊಟ್ಟು ನೀರಿಲ್ಲ."

ಪುಣೆಯ ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳು ಬಾವಿ ಕಂಡಿರುವುದೇ ಕಡಿಮೆ, ಅಲ್ವಾ? ಹಾಗಾಗಿ ಸುಳಿವು ಬೇಕು, ಆದರೆ ಒಂದೊಂದಾಗಿ. ಮೊದಲು "ಈ ಬಾವಿ ನೆಲದಲ್ಲಿಲ್ಲ" ಅನ್ನಿ. ಸುಮ್ನೆ ಒಂದೆರಡು ಕಿಲೋಮೀಟರ್ ಬಿಡಿ. ಆಮೇಲೆ "ಈ ಕಾರಿನಲ್ಲೇ ಇದೆ, ಒಬ್ಬೊಬ್ಬರ ಹತ್ತಿರ ಎರಡೆರಡು." ಈಗ ಯಾರಾದರೂ "ಕಣ್ಣು!" ಅಂತ ಕೂಗೇ ಕೂಗುತ್ತಾರೆ. ತಪ್ಪು ಅನ್ನಬೇಡಿ. "ಅಳುವಾಗ ಅಲ್ಲಿ ನೀರು ಬರಲ್ವಾ?" ಅಂತ ಕೇಳಿ. ಮೂಗು ಅಂದರೆ ನೆಗಡಿ ನೆನಪಿಸಿ. ಒಗಟಿನ ಒಂದೊಂದು ಮಾತಿಗೂ ಉತ್ತರ ಹೊಂದಬೇಕು ಅನ್ನುವುದು ಮಕ್ಕಳಿಗೆ ಇಲ್ಲೇ ಗೊತ್ತಾಗುವುದು.

ನಾಲ್ಕನೆಯದು "ಎಲ್ಲರ ಮನೆ ಅಜ್ಜಿಗೆ ಮೈಯೆಲ್ಲಾ ಕಜ್ಜಿ." ಇದನ್ನು ನಾನೇ ಹೇಳಿದರೆ ನಗು ಜಾಸ್ತಿ. ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಹೊಂದುತ್ತದೆ, ಒಂದೇ ಸರಿ ಅಂತ ಹಟ ಹಿಡಿಯಬೇಡಿ. ಐದನೆಯದು ದೊಡ್ಡ ಮಕ್ಕಳಿಗೆ: "ಊಟಕ್ಕೆ ಕೂತವರು ಹನ್ನೆರಡು ಜನ, ಬಡಿಸುವವರು ಇಬ್ಬರು. ಒಬ್ಬ ಒಬ್ಬರಿಗೆ ಬಡಿಸುವಷ್ಟರಲ್ಲಿ ಇನ್ನೊಬ್ಬ ಹನ್ನೆರಡು ಜನಕ್ಕೂ ಬಡಿಸಿರುತ್ತಾನೆ."

ಸೋತವರಿಗೆ ನಮ್ಮ ಮನೆಯ ದಂಡ ಒಂದೇ: ಮುಂದೆ ಬರುವ ಊರಿನ ಬೋರ್ಡು ಗಟ್ಟಿಯಾಗಿ ಓದಬೇಕು. ಮರಾಠಿ ಬೋರ್ಡು ಇರುವವರೆಗೆ ಮಕ್ಕಳು ಸಲೀಸಾಗಿ ಓದುತ್ತಾರೆ. ನಿಪ್ಪಾಣಿ ಹತ್ತಿರ ಕನ್ನಡದ್ದು ಶುರುವಾದ ಮೇಲೆ ಸೋಲಲು ಹೆದರುತ್ತಾರೆ!

ಉತ್ತರಗಳನ್ನು ಚೀಟಿಯಲ್ಲಿ ಬರೆದು ಮುಂದಿನ ಸೀಟಿನವರ ಕೈಗೆ ಕೊಟ್ಟಿರಿ.

ಉತ್ತರಗಳು

ಮೊದಲನೆಯದು ಕುಂಬಳಕಾಯಿ, ಬಳ್ಳಿಯೇ ಹಗ್ಗ. ಎರಡನೆಯದು ಸೂಜಿ ಮತ್ತು ದಾರ. ಮೂರನೆಯದು ಕಿವಿ. ನಾಲ್ಕನೆಯದು ಹಲಸಿನಹಣ್ಣು, ಹಾಗಲಕಾಯಿ ಅಂದರೂ ಒಪ್ಪಿಕೊಳ್ಳಿ. ಐದನೆಯದು ಗಡಿಯಾರ: ಚಿಕ್ಕ ಮುಳ್ಳು ಒಂದು ಅಂಕಿ ದಾಟುವಷ್ಟರಲ್ಲಿ ದೊಡ್ಡ ಮುಳ್ಳು ಇಡೀ ಪಂಕ್ತಿ ಸುತ್ತಿ ಬಂದಿರುತ್ತದೆ. ಮೊಬೈಲಿನಲ್ಲೇ ಟೈಮ್ ನೋಡುವ ಮಕ್ಕಳಿಗೆ ಇದನ್ನು ಕೈಗಡಿಯಾರ ತೋರಿಸಿಯೇ ಹೇಳಬೇಕು.