ಪ್ಯಾರಾಸಿಟಮಾಲ್ ಅರ್ಧಾಯು: ಲೆಕ್ಕ ಹಾಕುವುದು ಹೇಗೆ, ಅದು ಬದಲಾಗದೆ ಇರುವುದು ಯಾಕೆ?

ಸೆಕೆಂಡ್ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುವಾಗ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತೇನೆ. ಪ್ಯಾರಾಸಿಟಮಾಲ್ ಅರ್ಧಾಯು, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಎರಡೂವರೆ ಗಂಟೆ. ಹಾಗಾದರೆ ಐದು ಗಂಟೆ ಆದ ಮೇಲೆ ರಕ್ತದಲ್ಲಿ ಎಷ್ಟು ಉಳಿದಿರುತ್ತದೆ? ಅರ್ಧ ಕ್ಲಾಸು 'ಸೊನ್ನೆ ಸರ್' ಅನ್ನುತ್ತದೆ. ಎರಡೂವರೆ ಗಂಟೆಗೆ ಅರ್ಧ ಹೋಯಿತು, ಇನ್ನೆರಡೂವರೆ ಗಂಟೆಗೆ ಇನ್ನರ್ಧ ಹೋಯಿತು, ಖಾಲಿ! ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಉಳಿಯುವುದು ಕಾಲು ಭಾಗ. ಎಡವುವುದು ಮಕ್ಕಳು ಮಾತ್ರ ಅಲ್ಲ. 'ಎರಡು ಮಾತ್ರೆ ನುಂಗಿದರೆ ಎರಡರಷ್ಟು ಹೊತ್ತು ಜ್ವರ ಬರಲ್ಲ' ಅನ್ನುವ ದೊಡ್ಡವರದ್ದೂ ಇದೇ ಕಥೆ.

ಸೂತ್ರವನ್ನು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯಬಹುದು. ನನಗೆ ಅದು ಇಷ್ಟವಿಲ್ಲ. ಮೊದಲು ಬಕೆಟ್ ತನ್ನಿ.

ಮೊದಲು ಬಕೆಟ್

ಹತ್ತು ಲೀಟರ್ ನೀರು ತುಂಬಿಸಿ. ಬಿಳಿ ಬಟ್ಟೆಗೆ ಹಾಕುತ್ತೇವಲ್ಲ, ಆ ನೀಲಿಯನ್ನು ಹತ್ತು ಹನಿ ಬಿಟ್ಟು ಕಲಕಿ. ಈಗ ಒಂದು ಲೀಟರ್ ಮಗ್‌ನಲ್ಲಿ ನೀಲಿ ನೀರು ತೆಗೆದು ಚೆಲ್ಲಿ. ಅಷ್ಟೇ ಶುದ್ಧ ನೀರು ಸುರಿದು ಮತ್ತೆ ಕಲಕಿ. ಬಕೆಟ್‌ನಲ್ಲಿದ್ದ ನೀಲಿಯಲ್ಲಿ ಹತ್ತನೇ ಒಂದು ಭಾಗ ಹೋಯಿತು. ಎರಡನೇ ಮಗ್‌ನಲ್ಲೂ ಹತ್ತನೇ ಒಂದು ಭಾಗವೇ ಹೋಗುತ್ತದೆ, ಆದರೆ ಅದು ಉಳಿದದ್ದರ ಹತ್ತನೇ ಒಂದು ಭಾಗ. ಹೀಗೆ ಆರು ಮಗ್ ಆದಾಗ ಶೇ 53ರಷ್ಟು ನೀಲಿ ಇರುತ್ತದೆ. ಏಳಾದಾಗ ಶೇ 48. ಅಂದರೆ ಅರ್ಧಕ್ಕೆ ಇಳಿಯಲು ಆರೂವರೆ ಮಗ್ ಚಿಲ್ಲರೆ ಬೇಕು.

ಈಗ ಮುಖ್ಯ ಪ್ರಶ್ನೆ. ಶುರುವಿನಲ್ಲಿ ಹತ್ತರ ಬದಲು ಇಪ್ಪತ್ತು ಹನಿ ನೀಲಿ ಹಾಕಿದ್ದರೆ? ಆಗಲೂ ಅಷ್ಟೇ ಮಗ್! ನೀರು ಎರಡರಷ್ಟು ಗಾಢವಾಗಿತ್ತು, ನಿಜ. ಆದರೆ ಪ್ರತಿ ಮಗ್‌ನಲ್ಲೂ ಎರಡರಷ್ಟು ನೀಲಿ ಹೊರಗೆ ಹೋಯಿತು. ಮಗ್ಗಿಗೆ ಗೊತ್ತಿರುವುದು ಒಂದೇ, ತಾನು ಬಕೆಟ್‌ನ ಹತ್ತನೇ ಒಂದು ಪಾಲು ಅಂತ. ಮೊದಲು ಎಷ್ಟು ಹನಿ ಬಿದ್ದಿತ್ತು ಅನ್ನುವ ನೆನಪು ಅದಕ್ಕಿಲ್ಲ.

ಫಸ್ಟ್ ಆರ್ಡರ್ ಅಂದರೆ ಇದೇ. ಹೊರಗೆ ಹೋಗುವ ವೇಗ, ಆ ಹೊತ್ತಿಗೆ ಒಳಗೆ ಇರುವಷ್ಟಕ್ಕೆ ತಕ್ಕ ಹಾಗೆ ಇರುತ್ತದೆ. ಇದ್ದದ್ದು ಅರ್ಧವಾದರೆ ವೇಗವೂ ಅರ್ಧ. ಅದಕ್ಕೇ ಎರಡನೇ ಎರಡೂವರೆ ಗಂಟೆಯಲ್ಲಿ ಮೊದಲಿನಷ್ಟು ಔಷಧಿ ಹೋಗಲು ಆಗುವುದಿಲ್ಲ.

ಅಂಕಿ ಬರೆದುಕೊಳ್ಳಿ

ದೊಡ್ಡವರೊಬ್ಬರಿಗೆ ಡ್ರಿಪ್‌ನಲ್ಲಿ 1 ಗ್ರಾಂ ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಔಷಧಿ ಮೈಯಲ್ಲೆಲ್ಲ ಹರಡಿಕೊಂಡ ಮೇಲೆ ನಮ್ಮ ಗಡಿಯಾರ ಶುರು. ಆಗ ರಕ್ತದಲ್ಲಿ ಲೀಟರ್‌ಗೆ 20 ಮಿಲಿಗ್ರಾಂ. ಆಮೇಲೆ ಗಂಟೆಗೊಂದರಂತೆ ಅಳೆದಾಗ 15.2, 11.5, 8.7, 6.6, 5.0. ಲೆಕ್ಕ ಸಲೀಸಾಗಲಿ ಅಂತ ಅಂಕಿಗಳನ್ನು ನಾನೇ ಜೋಡಿಸಿದ್ದೇನೆ. ಆರೋಗ್ಯವಂತರಲ್ಲಿ ಸಿಗುವುದು ಇದಕ್ಕೆ ಹತ್ತಿರದ್ದೇ.

ಡ್ರಿಪ್ ಯಾಕೆ, ಮಾತ್ರೆ ಯಾಕಲ್ಲ? ಮಾತ್ರೆ ನುಂಗಿದರೆ ಹೊಟ್ಟೆಯಿಂದ ರಕ್ತಕ್ಕೆ ಸೇರಲು ಹೊತ್ತು ಬೇಕು. ಮೊದಲಿಗೆ ಅಂಕಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಆ ಏರುವ ಅಂಕಿಗಳನ್ನೂ ಸೇರಿಸಿ ಗ್ರಾಫ್‌ನಲ್ಲಿ ಗೆರೆ ಎಳೆದರೆ ಇಳಿಜಾರು ಕಡಿಮೆ ಕಾಣುತ್ತದೆ, ಅರ್ಧಾಯು ಸುಮ್ನೆ ಉದ್ದವಾಗುತ್ತದೆ. ಮಾತ್ರೆಯ ಅಂಕಿ ಕೈಗೆ ಬಂದರೆ ಏರಿಕೆಯನ್ನೂ ತುದಿಯನ್ನೂ ಬಿಟ್ಟು, ಇಳಿಕೆ ಒಂದು ಹದಕ್ಕೆ ಬಂದ ಮೇಲಿನವನ್ನು ಮಾತ್ರ ತೆಗೆದುಕೊಳ್ಳಿ.

ಕಳೆಯಬೇಡಿ, ಭಾಗಿಸಿ

ಮಕ್ಕಳು ಮೊದಲು ಮಾಡುವುದು ಕಳೆಯುವ ಲೆಕ್ಕ. ಮೊದಲ ಗಂಟೆ ಹೋದದ್ದು 4.8, ಆಮೇಲೆ 3.7, 2.8, 2.1, 1.6. ಒಂದೂ ಸಮ ಇಲ್ಲ, ಏನೂ ಅರ್ಥವಾಗುವುದಿಲ್ಲ. ಅದರ ಬದಲು ಪ್ರತಿ ಅಂಕಿಯನ್ನು ಅದರ ಹಿಂದಿನದರಿಂದ ಭಾಗಿಸಿ. 15.2 ಭಾಗ 20, ಅಂದರೆ 0.76. 11.5 ಭಾಗ 15.2, ಮತ್ತೆ 0.76. ಕೊನೆಯವರೆಗೂ ಅದೇ 0.76. ಪ್ರತಿ ಗಂಟೆಗೆ ಶೇ 24 ಹೋಗುತ್ತಿದೆ, ಶೇ 76 ಉಳಿಯುತ್ತಿದೆ. ಭಾಗಿಸಿದಾಗ ಒಂದೇ ಅಂಕಿ ಬರುತ್ತಿದ್ದರೆ ಫಸ್ಟ್ ಆರ್ಡರ್. ಕಳೆದಾಗ ಒಂದೇ ಅಂಕಿ ಬರುತ್ತಿದ್ದರೆ ಅದು ಬೇರೆ ಜಾತಿ, ಕೊನೆಗೆ ಹೇಳುತ್ತೇನೆ.

ಎಲ್ಲರೂ ಜಾರುವ ಜಾಗ

ಈಗ ಲಾಗರಿದಮ್. ಭಾಗಿಸಿದಾಗ ಸಮ ಬರುವ ಅಂಕಿಗಳ ಲಾಗರಿದಮ್ ತೆಗೆದರೆ, ಅವು ಕಳೆದಾಗಲೂ ಸಮ ಬರುತ್ತವೆ. ಇಲ್ಲಿ ನಿಧಾನವಾಗಿ ಬನ್ನಿ.

ಕ್ಯಾಲ್ಕುಲೇಟರ್‌ನಲ್ಲಿ ln ಮತ್ತು log ಅಂತ ಎರಡು ಬಟನ್ ಇವೆ. ನಮಗೆ ಬೇಕಾದದ್ದು ln. 20ರ ln 2.996, 5ರ ln 1.609. ಐದು ಗಂಟೆಯಲ್ಲಿ ಇಳಿದದ್ದು 1.387. ಐದರಿಂದ ಭಾಗಿಸಿದರೆ ಗಂಟೆಗೆ 0.277. ಇದೇ k, ಔಷಧಿ ಹೊರಗೆ ಹೋಗುವ ವೇಗದ ಅಂಕಿ. ತಪ್ಪಿ log ಒತ್ತಿದರೆ 0.120 ಬರುತ್ತದೆ. ಅದನ್ನು 2.303ರಿಂದ ಗುಣಿಸಿದರೆ ಅದೇ 0.277 ಸಿಗುತ್ತದೆ, ಆದರೆ ಗುಣಿಸುವುದನ್ನು ಮರೆತು ಮುಂದೆ ಹೋದವರಿಗೆ ಅರ್ಧಾಯು 5.8 ಗಂಟೆ! ಕಣ್ಣೆದುರಿಗೇ ಎರಡೂವರೆ ಗಂಟೆಗೆ ಔಷಧಿ ಅರ್ಧವಾಗಿದ್ದರೂ 5.8 ಅಂತ ಬರೆದು ಅಡಿಗೆರೆ ಹಾಕಿ ಕೊಟ್ಟವರನ್ನು ನೋಡಿದ್ದೇನೆ. ನನ್ನ ಮಾತು ಕೇಳಿ, ln ಒಂದನ್ನೇ ಬಳಸಿ, log ಬಟನ್ ಇದೆ ಅನ್ನುವುದನ್ನೇ ಮರೆತುಬಿಡಿ.

ಎರಡೇ ಅಂಕಿಯಿಂದ k ತೆಗೆಯುವುದು ಶಾರ್ಟ್‌ಕಟ್. ಇಲ್ಲಿ ಅಂಕಿಗಳು ನಾನು ಜೋಡಿಸಿದ್ದಾದ್ದರಿಂದ ನಡೆಯುತ್ತದೆ. ನಿಜವಾದ ರಕ್ತ ಪರೀಕ್ಷೆಯ ಅಂಕಿಗಳಲ್ಲಿ ಒಂದು ಹೆಚ್ಚು ಒಂದು ಕಡಿಮೆ ಇದ್ದೇ ಇರುತ್ತದೆ. ಆಗ ಎಲ್ಲ ln ಬೆಲೆಗಳನ್ನೂ ಗ್ರಾಫ್‌ನಲ್ಲಿ ಗುರುತಿಸಿ ನಡುವೆ ನೇರ ಗೆರೆ ಎಳೆಯಬೇಕು. ಗ್ರಾಫ್ ಶೀಟ್ ಒಳ್ಳೆಯದು ಕೊಳ್ಳಿ. ಜೆರಾಕ್ಸ್ ಮಾಡಿದ ಶೀಟುಗಳು ಒಂದು ಕಡೆ ಎಳೆದುಕೊಂಡಿರುತ್ತವೆ, ಅದರ ಮೇಲೆ ಎಷ್ಟು ಚೂಪು ಪೆನ್ಸಿಲ್ ಹಿಡಿದರೂ ಪ್ರಯೋಜನವಿಲ್ಲ.

ಇನ್ನೊಂದು ಗೊಂದಲ. k 0.277 ಅಂದಮೇಲೆ ಗಂಟೆಗೆ ಶೇ 27.7 ಹೋಗಬೇಕಿತ್ತಲ್ಲ, ನೀವು ಶೇ 24 ಅಂದಿರಿ? ಈ ಪ್ರಶ್ನೆ ಕೇಳುವ ಮಗುವಿಗೆ ನಾನು ಚಾಕೊಲೇಟ್ ಕೊಡುತ್ತೇನೆ. 0.277 ಅನ್ನುವುದು ಆ ಕ್ಷಣದ ವೇಗ. ಗಂಟೆ ಪೂರ್ತಿ ಅದೇ ವೇಗ ಇದ್ದಿದ್ದರೆ ಶೇ 27.7 ಹೋಗುತ್ತಿತ್ತು. ಆದರೆ ಮೊದಲ ನಿಮಿಷದಲ್ಲೇ ಸ್ವಲ್ಪ ಔಷಧಿ ಹೋಯಿತು, ಎರಡನೇ ನಿಮಿಷಕ್ಕೆ ವೇಗ ಚೂರು ಇಳಿಯಿತು, ಹೀಗೆ ಇಳಿಯುತ್ತಾ ಇಳಿಯುತ್ತಾ ಗಂಟೆಯ ಕೊನೆಗೆ ಲೆಕ್ಕ ಶೇ 24ಕ್ಕೆ ನಿಲ್ಲುತ್ತದೆ. ಚಕ್ರಬಡ್ಡಿಯನ್ನು ತಿರುಗಿಸಿ ಹಿಡಿದ ಹಾಗೆ.

ಅರ್ಧಾಯು

ಇದು ಸುಲಭ. C0 ಶುರುವಿನ ಪ್ರಮಾಣ, C ಅನ್ನುವುದು t ಗಂಟೆ ಆದ ಮೇಲೆ ಉಳಿದದ್ದು. ಗೆರೆಯ ಸೂತ್ರ ಇಷ್ಟೇ:

```
ln C = ln C0 − kt
```

C ಇರುವಲ್ಲಿ C0/2 ಹಾಕಿ. C0 ಎರಡೂ ಕಡೆ ಇದೆ, ಹೊಡೆದು ಹೋಗುತ್ತದೆ. ಉಳಿಯುವುದು t = 0.693/k. ಶುರುವಿನ ಪ್ರಮಾಣ ಸೂತ್ರದಿಂದಲೇ ಮಾಯ. ಬಕೆಟ್‌ಗೆ ಹತ್ತು ಹನಿಯೋ ಇಪ್ಪತ್ತು ಹನಿಯೋ ಲೆಕ್ಕಕ್ಕಿಲ್ಲ ಅಂದೆವಲ್ಲ, ಅದನ್ನೇ ಕಾಗದದ ಮೇಲೆ ಬರೆದದ್ದು. 0.693 ಭಾಗ 0.277, ಅಂದರೆ 2.5 ಗಂಟೆ.

ಈ 0.693 ಎಲ್ಲಿಂದ ಬಂತು? ಅದು 2ರ ln. ಆದರೆ ಬಕೆಟ್‌ನಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಮಗ್ ಬಿಟ್ಟು, ನಲ್ಲಿಯಿಂದ ಸಣ್ಣಗೆ ನೀರು ಬಿಡಿ, ಬಿಡದೆ ಕಲಕುತ್ತಿರಿ, ತುಂಬಿದ ಬಕೆಟ್‌ನಿಂದ ನೀಲಿ ನೀರು ಅಂಚಿನ ಮೇಲೆ ಹರಿದು ಹೋಗುತ್ತಿರಲಿ. ಹತ್ತು ಲೀಟರ್ ಬಕೆಟ್‌ಗೆ ಸರಿಯಾಗಿ 6.93 ಲೀಟರ್ ಶುದ್ಧ ನೀರು ಬಿದ್ದಾಗ ನೀಲಿ ಅರ್ಧವಾಗಿರುತ್ತದೆ. ಯಾವ ಅಳತೆಯ ಬಕೆಟ್ ಆದರೂ ಅದರ 0.693 ಪಾಲು ನೀರು ಬೇಕು.

ಮೈಗೂ ಇದೇ ಲೆಕ್ಕ. 1000 ಮಿಲಿಗ್ರಾಂ ಕೊಟ್ಟಾಗ ಲೀಟರ್‌ಗೆ 20 ಮಿಲಿಗ್ರಾಂ ಬಂತು. ಅಂದರೆ ಪ್ಯಾರಾಸಿಟಮಾಲ್ ಪಾಲಿಗೆ ಈ ಮೈ ಸುಮಾರು 50 ಲೀಟರ್‌ನ ಬಕೆಟ್. ಅದಕ್ಕೆ 0.277 ಗುಣಿಸಿದರೆ ಸುಮಾರು 14. ಗಂಟೆಗೆ 14 ಲೀಟರ್‌ನಷ್ಟನ್ನು ಮೈ ತೊಳೆದು ಶುದ್ಧ ಮಾಡುತ್ತಿದೆ. ಈ ಕೆಲಸದ ಬಹುಪಾಲು ಲಿವರ್‌ನದು. ಅದು ಔಷಧಿಗೆ ಗ್ಲುಕುರೊನೈಡ್ ಅಥವಾ ಸಲ್ಫೇಟ್ ಅಂಟಿಸುತ್ತದೆ, ಹಾಗೆ ಅಂಟಿದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅರ್ಧಾಯುವನ್ನು ತೀರ್ಮಾನಿಸುವುದು ಬಕೆಟ್‌ನ ಗಾತ್ರ ಮತ್ತು ತೊಳೆಯುವ ವೇಗ, ಎರಡೇ. ಡೋಸ್ ಅಲ್ಲ.

ಎರಡು ಮಾತ್ರೆಯ ಲೆಕ್ಕ

500 ಮಿಲಿಗ್ರಾಂ ಕೊಟ್ಟಿದ್ದರೆ ಅಂಕಿ 10ರಿಂದ ಶುರುವಾಗುತ್ತಿತ್ತು. 1000 ಕೊಟ್ಟಾಗ 20ರಿಂದ ಶುರುವಾಗಿ ಎರಡೂವರೆ ಗಂಟೆಗೆ 10ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಎರಡರದ್ದೂ ಒಂದೇ ದಾರಿ. ಡೋಸ್ ಎರಡರಷ್ಟು ಮಾಡಿ ಗಳಿಸಿದ್ದು ಒಂದೇ ಒಂದು ಅರ್ಧಾಯು, ಎರಡೂವರೆ ಗಂಟೆ. ನಾಲ್ಕರಷ್ಟು ಮಾಡಿದರೆ ಐದು ಗಂಟೆ ಸಿಗಬೇಕು, ಕಾಗದದ ಮೇಲೆ. ದಯವಿಟ್ಟು ಕಾಗದದ ಮೇಲೆ ಮಾತ್ರ.

ಗೆರೆ ಬಾಗಿದರೆ

ಲಿವರ್‌ನ ಈ ಕೆಲಸವನ್ನು ಮದುವೆಮನೆ ಊಟದ ಪಂಕ್ತಿ ಅಂದುಕೊಳ್ಳಿ. ನೂರು ಎಲೆ ಹಾಕುವ ಜಾಗವಿದೆ. ಇಪ್ಪತ್ತು ಜನ ಬಂದರೆ ಇಪ್ಪತ್ತೂ ಜನ ಕೂರುತ್ತಾರೆ, ನಲವತ್ತು ಬಂದರೆ ನಲವತ್ತೂ. ಬಂದಷ್ಟಕ್ಕೆ ತಕ್ಕ ಹಾಗೆ ಊಟ. ಐನೂರು ಜನ ಬಂದರೆ? ಪಂಕ್ತಿಗೆ ನೂರೇ. ಸಾವಿರ ಬಂದರೂ ನೂರೇ. ಇಲ್ಲಿ ಫಸ್ಟ್ ಆರ್ಡರ್ ಮುಗಿಯಿತು. ಹೊರಗೆ ಹೋಗುವ ವೇಗ ಇದ್ದಷ್ಟಕ್ಕೆ ತಕ್ಕಂತೆ ಇರದೆ, ಒಂದೇ ಆಗಿಬಿಡುತ್ತದೆ. ಇದು ಜೀರೊ ಆರ್ಡರ್, ಆಗಲೇ ಹೇಳಿದ ಬೇರೆ ಜಾತಿ.

ಆಲ್ಕೊಹಾಲ್ ಹೀಗೆ. ಅದನ್ನು ಒಡೆಯುವ ಎನ್‌ಜೈಮ್ ಬೇಗ ಭರ್ತಿಯಾಗುತ್ತದೆ. ರಕ್ತದಲ್ಲಿ 100 ಮಿಲಿಲೀಟರ್‌ಗೆ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತದೆ ಅಂದುಕೊಂಡರೆ, 100ರಿಂದ 50ಕ್ಕೆ ಬರಲು 3 ಗಂಟೆ 20 ನಿಮಿಷ, 50ರಿಂದ 25ಕ್ಕೆ 1 ಗಂಟೆ 40 ನಿಮಿಷ. ಇದರ ಅರ್ಧಾಯು ಎಷ್ಟು ಅಂತ ಯಾರಾದರೂ ಕೇಳಿದರೆ 'ಎಷ್ಟರಿಂದ ಎಷ್ಟಕ್ಕೆ?' ಅಂತ ತಿರುಗಿ ಕೇಳಬೇಕಾಗುತ್ತದೆ.

ಪ್ಯಾರಾಸಿಟಮಾಲ್ ಕೂಡ ಅತಿಯಾದಾಗ ಹೀಗೇ ಆಗುತ್ತದೆ. ಸಲ್ಫೇಟ್ ಅಂಟಿಸುವ ದಾರಿ ಮೊದಲು ಭರ್ತಿ. ದಾರಿ ಸಿಗದ ಔಷಧಿಯಲ್ಲಿ ಜಾಸ್ತಿ ಪಾಲು, ಲಿವರ್‌ಗೇ ಪೆಟ್ಟು ಕೊಡುವ ಇನ್ನೊಂದು ವಸ್ತುವಾಗುತ್ತದೆ. ಲಿವರ್ ಏಟು ತಿಂದರೆ ತೊಳೆಯುವ ವೇಗ ಇನ್ನೂ ಕುಸಿಯುತ್ತದೆ. ಗ್ರಾಫ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ln ಗೆರೆ ಎರಡೂವರೆ ಗಂಟೆಯ ಇಳಿಜಾರಿನಲ್ಲಿ ಬರದೆ ಸಪಾಟಾಗಿ ಎಳೆದುಕೊಂಡು ಹೋಗುತ್ತದೆ. ಅತಿಯಾಗಿ ನುಂಗಿದವರಲ್ಲಿ ಅರ್ಧಾಯು 4 ಗಂಟೆ ದಾಟಿದ್ದರೆ ಲಿವರ್‌ಗೆ ಪೆಟ್ಟು ಬಿದ್ದಿರುವ ಸಂಶಯ ಡಾಕ್ಟರಿಗೆ ಬರುವುದು ಇದಕ್ಕೇ.